ಮನ್ಯಾಗ ಎಷ್ಟು ಮಂದಿ, ಎಷ್ಟು ಎಂಬಿಪಿಎಸ್?

ಸೇಡಂ ರಸ್ತೆಯಲ್ಲಿ ಇಎಸ್ಐ ಆಸ್ಪತ್ರೆ ದಾಟಿ ಒಳಗಿನ ಓಣಿಗೆ ತಿರುಗಿದರೆ ನಮ್ಮ ಕ್ಲಾಸ್‌ಮೇಟ್ ಒಬ್ಬನ ಮನೆ ಸಿಗುತ್ತದೆ. ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಮಂದಿ ಅಲ್ಲಿ ಓದಲಿಕ್ಕೆ ಕೂಡುತ್ತಿದ್ದೆವು. ಓದಿದ್ದು ಎಷ್ಟೋ ಗೊತ್ತಿಲ್ಲ, ಆದರೆ ಆ ಮನೆಯ ಇಂಟರ್ನೆಟ್ ಜಗಳ ಮಾತ್ರ ದಿನಾ ಕೇಳುತ್ತಿತ್ತು. ಗೆಳೆಯನ ಅಣ್ಣ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಕಾಕಾರಿಗೆ ಹಾರ್ಟ್ ಆಪರೇಷನ್ ಆದ ಮೇಲೆ ಅವನು ಊರಿಗೆ ಬಂದವನು ವಾಪಸ್ ಹೋಗಿಲ್ಲ. ರಾತ್ರಿ ಎಂಟೂವರೆಗೆ ಅಮೆರಿಕದ ಕ್ಲೈಂಟ್ ಜೊತೆ ಮೀಟಿಂಗ್ ಶುರುವಾಗುತ್ತಿತ್ತು, ಎಂಟೂಮುಕ್ಕಾಲಿಗೆ ಅವನ ಮುಖ ಫ್ರೀಜ್ ಆಗುತ್ತಿತ್ತು. ಮೂರನೇ ಸಲ ಹೀಗಾದಾಗ ಮ್ಯಾನೇಜರ್ ನೇರವಾಗಿಯೇ ಹೇಳಿಬಿಟ್ಟರಂತೆ: ಲೈನ್ ಸರಿ ಮಾಡಿಕೊಳ್ಳಿ, ಇಲ್ಲಾಂದ್ರೆ ಆಫೀಸಿಗೆ ಬನ್ನಿ.

ಬೈಸಿಕೊಂಡವನು ನಮ್ಮ ಗೆಳೆಯ. ಯಾಕಂದರೆ ಅದೇ ಹೊತ್ತಿಗೆ ಅವನು ಗೇಮ್ ಆಡುತ್ತಿದ್ದ. "ಇವನ ಗೇಮ್ ಒಂದು ಬಂದ್ ಆದ್ರ ಎಲ್ಲಾ ಸರಿ ಆಗ್ತದ" ಅಂತ ಅಣ್ಣ, "ನನ್ನ ಪಿಂಗ್ ಸುದ್ದಾ ಎಂಟುನೂರು ಅದ, ನಾ ಯಾರಿಗೆ ಹೇಳ್ಲಿ?" ಅಂತ ಇವನು. ಕಾಕಾ ಲೈನ್ ಹಾಕಿದವರಿಗೆ ಫೋನ್ ಹಚ್ಚಿದರು. ಅವರು ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ ಅಂತ ಕೇಳಿ, ಆರು ಅಂದ ಕೂಡಲೇ 300ರ ಪ್ಲಾನ್ ಹಾಕಿಸಿರಿ ಅಂದರು. ಈಗ ಇದ್ದದ್ದು 60. ದುಡ್ಡು ಹೆಚ್ಚುಕಡಿಮೆ ಎರಡು ಪಟ್ಟು, ಅದರ ಮೇಲೆ ಜಿಎಸ್‌ಟಿ ಬೇರೆ. ಕಾಕಾ ಆಗಲಿ ಅನ್ನುವ ಮೊದಲು ನಾವು ಮೂರು ದಿನ ಟೈಮ್ ಕೇಳಿದೆವು.

ಮಂದಿ ಎಣಿಸುವುದು ತಪ್ಪಲ್ಲ. ಆದರೆ ತಲೆ ಎಣಿಸಿದರೆ ಆಗಲಿಲ್ಲ, ಎಲ್ಲಕ್ಕಿಂತ ಜೋರಿನ ಒಂದು ತಾಸಿನಲ್ಲಿ ಯಾರ್ಯಾರು ಏನೇನು ಮಾಡುತ್ತಾರೆ ಅಂತ ಎಣಿಸಬೇಕು. ಈ ಮನೆಯಲ್ಲಿ ಆ ತಾಸು ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ. ಹಾಲ್‌ನಲ್ಲಿ ಕಾಕಾ ಟಿವಿಯಲ್ಲಿ ಸಿನಿಮಾ, ಅಡುಗೆಮನೆಯಲ್ಲಿ ಕಾಕು ಫೋನಿನಲ್ಲಿ ಸೀರಿಯಲ್, ಪಿಯುಸಿ ಓದುವ ತಂಗಿಗೆ ರೆಕಾರ್ಡೆಡ್ ಕ್ಲಾಸ್, ಅಣ್ಣನ ಮೀಟಿಂಗ್, ಗೆಳೆಯನ ಗೇಮ್. ವೈನಿ ಆ ಹೊತ್ತಿಗೆ ಫೋನ್ ಮುಟ್ಟುವುದೇ ಇಲ್ಲ, ಚಾರ್ಜಿಗೆ ಇಟ್ಟು ರೊಟ್ಟಿ ಬಡಿಯುತ್ತಿರುತ್ತಾರೆ. (ಈ ಮಾತು ನೆನಪಿರಲಿ.)

ಪ್ರತಿಯೊಂದಕ್ಕೂ ಅಂದಾಜು ಸ್ಪೀಡ್ ಬೇಕು. ನೆಟ್‌ಫ್ಲಿಕ್ಸ್‌ನವರು ತಾವೇ ಹೇಳುವ ಲೆಕ್ಕ ಹೀಗಿದೆ: 720ಪಿ ವಿಡಿಯೋಕ್ಕೆ 3 ಎಂಬಿಪಿಎಸ್, 1080ಪಿಗೆ 5, 4ಕೆಗೆ 15. ಜೂಮ್‌ನಲ್ಲಿ 1080ಪಿ ಗ್ರೂಪ್ ಮೀಟಿಂಗಿಗೆ ಮೇಲೆ ಕಳಿಸಲು 3.8, ಕೆಳಗೆ ಇಳಿಸಲು 3. ನಾವು ಎರಡೂ ಕಡೆ 4 ಅಂತ ಹಿಡಿದೆವು. ಮನೆಯ ಟಿವಿ 4ಕೆ ಇರುವುದರಿಂದ ಅದಕ್ಕೆ 15 ಕೊಟ್ಟೆವು, ಕಾಕಾ ನೋಡುವ ಹಳೆ ಸಿನಿಮಾಗಳಿಗೆ ಅದು ಎಷ್ಟೋ ಹೆಚ್ಚು.

ಗೇಮಿಗೆ ಬಂದಾಗ ಅಣ್ಣ ಕಣ್ಣು ಕೆಂಪು ಮಾಡಿದ. ಅವನ ಎದುರೇ ಲೆಕ್ಕ ಹಾಕಿದೆವು. ಆಟ ನಡೆಯುವಾಗ ಲೈನಿನ ಮೇಲೆ ಹೋಗುವುದು ಚಿತ್ರ ಅಲ್ಲ, ಚಿತ್ರ ಬಿಡಿಸುವುದು ಫೋನೇ. ಹೋಗಿಬರುವುದು "ಇವನು ಇಲ್ಲಿದ್ದಾನೆ, ಈ ಕಡೆ ಗುಂಡು ಹೊಡೆದ" ಎನ್ನುವಂಥ ಸಣ್ಣ ಸಣ್ಣ ಪ್ಯಾಕೆಟ್‌ಗಳು. ಒಂದೊಂದು 150 ಬೈಟ್, ಸೆಕೆಂಡಿಗೆ 60 ಅಂತ ಹಿಡಿದರೂ 150 × 8 × 60 ಅಂದರೆ 72,000 ಬಿಟ್. ಎಂಬಿಪಿಎಸ್ ಲೆಕ್ಕದಲ್ಲಿ 0.07. ವಾಯ್ಸ್ ಚಾಟ್, ಅದು ಇದು ಸೇರಿಸಿ ಧಾರಾಳವಾಗಿ 1 ಅಂತ ಬರೆದೆವು. ಗೇಮ್ ಅಪ್‌ಡೇಟ್ ಇಳಿಸುವ ಮಾತು ಬೇರೆ. 5 ಜಿಬಿ ಅಪ್‌ಡೇಟ್ 60 ಎಂಬಿಪಿಎಸ್ ಲೈನನ್ನು ಪೂರ್ತಿ ಹಿಡಿದುಕೊಂಡರೂ 11 ನಿಮಿಷ ತಗೊಳ್ಳುತ್ತದೆ, ಅಷ್ಟು ಹೊತ್ತು ಉಳಿದವರಿಗೆ ಚಿಂದಿ ಉಳಿಯುತ್ತದೆ. ಅದನ್ನು ಮಲಗುವ ಮುಂದ ಹಚ್ಚಿದರೆ ಮುಗೀತು, ಅದಕ್ಕೋಸ್ಕರ ಪ್ಲಾನ್ ಏರಿಸುವ ಕಾರಣ ಇಲ್ಲ.

ಅಕ್ಕಪಕ್ಕದ ಫೋನುಗಳ ರೀಲ್ಸ್, ವಾಟ್ಸಾಪ್‌ಗೆ ಇನ್ನೊಂದು 5 ಹಾಕಿದಾಗ ಇಳಿಸುವ ಕಡೆಯ ಲೆಕ್ಕ ಹೀಗೆ ನಿಂತಿತು. ಟಿವಿ, ಸೀರಿಯಲ್, ಕ್ಲಾಸ್, ಮೀಟಿಂಗ್, ಗೇಮ್, ಉಳಿದದ್ದು, ಇದೇ ಕ್ರಮದಲ್ಲಿ:

```
15 + 3 + 3 + 4 + 1 + 5 = 31
31 × 1.3 ≈ 40
```

1.3 ಯಾಕೆ ಅಂದರೆ ವಿಡಿಯೋ ಒಂದೇ ಸಮ ಹರಿಯುವುದಿಲ್ಲ. ಆ್ಯಪ್ ಕೆಲವು ಸೆಕೆಂಡಿನ ತುಣುಕನ್ನು ಒಮ್ಮೆಲೇ ಎಳೆದುಕೊಂಡು ಸುಮ್ಮನಾಗುತ್ತದೆ, ಮತ್ತೆ ಎಳೆಯುತ್ತದೆ. ಇಬ್ಬರು ಒಟ್ಟಿಗೆ ಎಳೆದಾಗ ಜಾಗ ಇರಲಿ ಅಂತ ಮೂವತ್ತು ಪರ್ಸೆಂಟ್ ಸಡಿಲು ಬಿಟ್ಟೆವು. ಹಾಗೆ ಬಿಟ್ಟರೂ ಬಂದದ್ದು 40. ಮನೆಯಲ್ಲಿ ಇದ್ದದ್ದು 60. ರೌಟರ್ ಪಕ್ಕದಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿದರೆ 58 ಬರುತ್ತಿತ್ತು. ಅಂದಮೇಲೆ ಸ್ಪೀಡ್ ಸಾಲದೆ ಮೀಟಿಂಗ್ ಒಡೆಯುತ್ತಿರಲಿಲ್ಲ.

ಇಲ್ಲಿ ಎಣಿಕೆಗಿಂತ ಮುಖ್ಯವಾದ ಒಂದು ಮಾತಿದೆ. ನಮ್ಮೂರಿನಲ್ಲಿ ನಳದ ನೀರು ಬರುವ ಪರಿ ಎಲ್ಲರಿಗೂ ಗೊತ್ತು. ಮಾಳಿಗೆ ಮೇಲೆ ಸಿಂಟೆಕ್ಸ್ ಇದ್ದವರಿಗೆ ನಳ ಬಂತೋ ನಿಂತಿತೋ ತಿಳಿಯುವುದೇ ಇಲ್ಲ. ಸಿನಿಮಾ ನೋಡುವವರು ಹಾಗೆ. ಮುಂದಿನ ಅರ್ಧ ನಿಮಿಷದ್ದೋ ಒಂದು ನಿಮಿಷದ್ದೋ ವಿಡಿಯೋ ಮೊದಲೇ ಟಾಕಿಯಲ್ಲಿ ತುಂಬಿರುತ್ತದೆ, ನಡುವೆ ಲೈನ್ ಹತ್ತು ಸೆಕೆಂಡ್ ಕುಂಟಿದರೂ ಕಾಕಾರಿಗೆ ಗೊತ್ತಾಗುವುದಿಲ್ಲ. ಮೀಟಿಂಗ್‌ನಲ್ಲಿ ಕೂತವನಿಗೆ ಟಾಕಿ ಇಲ್ಲ. ಆಡದ ಮಾತನ್ನು ಮೊದಲೇ ತುಂಬಿಡಲಿಕ್ಕೆ ಆಗುವುದಿಲ್ಲವಲ್ಲ, ಅವನು ನಳಕ್ಕೇ ಬಾಯಿ ಹಚ್ಚಿ ಕುಡಿಯುವವನು. ಅದರ ಮೇಲೆ ಅವನಿಗೆ ಕಳಿಸುವ ಪೈಪೂ ಅಷ್ಟೇ ದಪ್ಪ ಬೇಕು. ಗೇಮ್ ಆಡುವವನಿಗೆ ಬೇಕಾದದ್ದು ಒಂದು ಲೋಟ ಮಾತ್ರ, ಆದರೆ ಕೇಳಿದ ಕ್ಷಣಕ್ಕೆ ಕೈಗೆ ಸಿಗಬೇಕು. ಇಳಿಸುವ ಸ್ಪೀಡ್ ಒಂದನ್ನೇ ದೊಡ್ಡಕ್ಷರದಲ್ಲಿ ಬರೆದ ಪ್ಲಾನ್ ಕಾಕಾರ ಅಗತ್ಯವನ್ನು ಹೇಳುತ್ತದೆ, ಅಣ್ಣ ತಮ್ಮ ಇಬ್ಬರದ್ದನ್ನೂ ಹೇಳುವುದಿಲ್ಲ.

ಹಂಗಾಗಿ ಎರಡನೇ ದಿನ ಕಳಿಸುವ ಕಡೆ, ಅಂದರೆ ಅಪ್‌ಲೋಡ್ ಅಳೆದೆವು. ಅಲ್ಲಿ ಸಿಕ್ಕಿದ್ದು ಬರೀ 9. 60 ಅಂತ ಮಾರಿದ ಪ್ಲಾನಿನಲ್ಲಿ ಇದರ ಮಾತು ಎಲ್ಲೂ ಇರಲಿಲ್ಲ, ಮನೆಯವರೂ ಕೇಳಿರಲಿಲ್ಲ. ಅದೇ ತಾಸಿನ ಅಪ್‌ಲೋಡ್ ಎಣಿಸಿದೆವು. ಮೀಟಿಂಗಿಗೆ 4, ಗೇಮಿಗೆ 1. ಇಳಿಸುವವರ ಕಡೆಯಿಂದ "ಬಂತು, ಬಂತು" ಅಂತ ವಾಪಸ್ ಹೋಗುವ ಟಿಸಿಪಿ ಉತ್ತರಗಳಿಗೆ ಸುಮಾರು 1. ಆಮೇಲೆ ಗೇಟಿನ ಮೇಲೆ ಕೂಡಿಸಿದ ಕ್ಯಾಮೆರಾ ನೆನಪಾಯಿತು. ಅದು ಹಗಲು ರಾತ್ರಿ ಕ್ಲೌಡ್‌ಗೆ ವಿಡಿಯೋ ಕಳಿಸುತ್ತದೆ, ಅದಕ್ಕೆ 2. ಒಟ್ಟು 8, ಇರುವುದು 9. ಇಳಿಸುವ ಕಡೆ ಅರ್ಧ ಖಾಲಿ ಇರುವ ಲೈನ್ ಕಳಿಸುವ ಕಡೆ ತುಂಬಿ ತುಳುಕುವ ಹಂತದಲ್ಲಿತ್ತು. ಮೇಲೊಂದು ಹನಿ ಬಿದ್ದರೆ ಚೆಲ್ಲಬೇಕು.

ಆ ಹನಿ ಯಾವುದು ಅಂತ ಹಿಡಿಯಲು ಮೂರನೇ ದಿನ ಸಂಜೆ ಒಂದು ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ರೌಟರ್‌ಗೆ ಜೋಡಿಸಿ ಇದನ್ನು ಓಡಬಿಟ್ಟೆವು:

```
ping -t 8.8.8.8
```

ಲಿನಕ್ಸ್‌ನಲ್ಲಾದರೆ `-t` ಬೇಡ, ಅದು ತಾನೇ ನಿಲ್ಲದೆ ಓಡುತ್ತದೆ. ಪ್ರತಿ ಸೆಕೆಂಡಿಗೆ ಒಂದು ಸಾಲು ಬರುತ್ತದೆ, ಅದರಲ್ಲಿ `time=` ಅಂತ ಇರುವುದೇ ಹೋಗಿ ಬರಲು ಹಿಡಿದ ಹೊತ್ತು. ಮಧ್ಯಾಹ್ನ ಯಾರೂ ಇಲ್ಲದಾಗ ಅದು 24 ಮಿಲಿಸೆಕೆಂಡ್ ತೋರಿಸಿತ್ತು. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ, ಹಾಗಾಗಿ ಕಲಬುರಗಿಯಿಂದ ಮುಂಬೈಗೋ ಹೈದರಾಬಾದಿಗೋ ಹೋಗಿ ಬರುವ ಲೈನಿಗೆ ಇದು ಚಲೋ ಸಂಖ್ಯೆಯೇ. ರಾತ್ರಿ ಒಂಬತ್ತಕ್ಕೆ ಅದೇ ಸಾಲುಗಳು 640, 710, 820 ಅನ್ನತೊಡಗಿದವು. ಪ್ಯಾಕೆಟ್ ಕಳೆಯುತ್ತಿರಲಿಲ್ಲ, ಬರೀ ತಡವಾಗುತ್ತಿತ್ತು.

ಈಗ ಒಂದೊಂದನ್ನೇ ಬಂದ್ ಮಾಡುತ್ತಾ ಬಂದೆವು. ಮೊದಲು ಟಿವಿ. ಪಿಂಗ್ ಇಳಿಯಲಿಲ್ಲ. ತಂಗಿಯ ಕ್ಲಾಸ್, ಇಳಿಯಲಿಲ್ಲ. ಗೆಳೆಯನ ಗೇಮ್ ಬಂದ್ ಮಾಡಿಸುವಾಗ ಅಣ್ಣ ಬಾಗಿಲಲ್ಲಿ ಬಂದು ನಿಂತಿದ್ದ. ಅದೂ ಆಯಿತು, ಪಿಂಗ್ 760. ಗೆಳೆಯನ ಮುಖ ನೋಡಬೇಕಿತ್ತು. ಕ್ಯಾಮೆರಾದ ಪ್ಲಗ್ ತೆಗೆದೆವು, ಸ್ವಲ್ಪವೂ ಬದಲಿಲ್ಲ. ಕೊನೆಗೆ ಚಾರ್ಜಿಗೆ ಇಟ್ಟಿದ್ದ ವೈನಿಯ ಫೋನಿನ ವೈಫೈ ತೆಗೆದ ಎರಡೇ ಸೆಕೆಂಡಿಗೆ ಸಾಲು 26 ಅಂತ ಬಂತು. ಮತ್ತೆ ಹಚ್ಚಿದೆವು, ಏರಿತು. ಮತ್ತೆ ತೆಗೆದೆವು, ಇಳಿಯಿತು.

ಹಿಂದಿನ ತಿಂಗಳು ತವರಿನಲ್ಲಿ ಮದುವೆ ಆಗಿತ್ತು. ಆ ವಿಡಿಯೋಗಳೆಲ್ಲ ಸೇರಿ 40 ಜಿಬಿಯ ಹತ್ತಿರ. ಫೋನನ್ನು ಚಾರ್ಜಿಗೆ ಹಾಕಿ ವೈಫೈ ಹಿಡಿದ ಕೂಡಲೇ ಫೋಟೋ ಬ್ಯಾಕಪ್ ಅವನ್ನು ಮೇಲೆ ಕಳಿಸಲು ಶುರು ಮಾಡುತ್ತಿತ್ತು. ಲೆಕ್ಕ ಹಾಕಿ ನೋಡಿ: 40 ಜಿಬಿ ಅಂದರೆ 3,20,000 ಮೆಗಾಬಿಟ್, 9ರಿಂದ ಭಾಗಿಸಿದರೆ ಬೇರೆ ಯಾರೂ ಇಲ್ಲದಿದ್ದರೂ ಹತ್ತು ತಾಸು. ದಿನಕ್ಕೆ ಒಂದೋ ಎರಡೋ ತಾಸು ಸಿಕ್ಕರೆ ವಾರಗಟ್ಟಲೆ ನಡೆಯುವ ಕೆಲಸ. ಫೋನ್ ಮುಟ್ಟದೇ ಇದ್ದವರೇ ಲೈನ್ ತುಂಬಿಸಿದ್ದರು, ಪಾಪ ಅವರಿಗೂ ಗೊತ್ತಿರಲಿಲ್ಲ. ಸ್ಟ್ರೀಮರ್, ಗೇಮರ್, ವರ್ಕ್ ಫ್ರಮ್ ಹೋಂ ಅಂತ ಎಣಿಸುವ ಪಟ್ಟಿಯಲ್ಲಿ ಈ ಫೋನಿಗೆ ಜಾಗವೇ ಇಲ್ಲ.

ಬ್ಯಾಕಪ್ ಲೈನ್ ತುಂಬಿದರೆ ಪಿಂಗ್ ಯಾಕೆ ಎಂಟುನೂರಕ್ಕೆ ಹೋಗಬೇಕು? ಕಂಪ್ಯೂಟರ್ ನೆಟ್‌ವರ್ಕ್ಸ್ ಓದಿದವರಿಗೆ ಇದು ಕ್ಯೂ ಲೆಕ್ಕ. ಫೋನ್ ವೈಫೈ ಮೇಲೆ ಬೇಗ ಬೇಗ ಕಳಿಸುತ್ತದೆ, ಹೊರಗೆ ಹೋಗುವ ದಾರಿ ಮಾತ್ರ 9. ಹೆಚ್ಚಾದ ಪ್ಯಾಕೆಟ್‌ಗಳು ಗೋಡೆಯ ಮೇಲಿನ ಫೈಬರ್ ಡಬ್ಬಿಯ ಬಫರ್‌ನಲ್ಲಿ ಸಾಲು ನಿಲ್ಲುತ್ತವೆ. ಪ್ಯಾಕೆಟ್ ಬಿದ್ದರೆ ಮಾತ್ರ ಟಿಸಿಪಿ ತನ್ನ ವೇಗ ಇಳಿಸುತ್ತದೆ, ಬಫರ್ ದೊಡ್ಡದಿದ್ದಷ್ಟೂ ಬೀಳುವುದು ತಡ, ಹಾಗಾಗಿ ಸಾಲು ಯಾವಾಗಲೂ ತುಂಬಿಯೇ ಇರುತ್ತದೆ. ಆ ಬಫರ್ 1 ಎಂಬಿ, ಅಂದರೆ 8 ಮೆಗಾಬಿಟ್ ಅಂತ ಹಿಡಿಯಿರಿ:

```
8 / 9  = 0.89 s
8 / 30 = 0.27 s
```

ಮೊದಲ ಸಾಲು ಈ ಮನೆಯದು, ನಾವು ಕಂಡ ಎಂಟುನೂರಕ್ಕೆ ಹತ್ತಿರವೇ ಇದೆ. ಅಣ್ಣನ ಮಾತಿನ ಪ್ಯಾಕೆಟ್, ಗೆಳೆಯನ ಗುಂಡಿನ ಪ್ಯಾಕೆಟ್ ಎರಡೂ ಮದುವೆ ವಿಡಿಯೋದ ಹಿಂದೆ ಪಾಳಿ ಹಚ್ಚಿ ನಿಲ್ಲುತ್ತಿದ್ದವು. ಎರಡನೇ ಸಾಲು ದೊಡ್ಡ ಪ್ಲಾನಿನದು. 300ರ ಪ್ಲಾನಿನಲ್ಲಿ ಅಪ್‌ಲೋಡ್ 30 ಸಿಕ್ಕರೂ ಬ್ಯಾಕಪ್ ಆ 30ನ್ನೂ ತುಂಬಿಸುತ್ತದೆ, ತಡ 270 ಮಿಲಿಸೆಕೆಂಡಿಗೆ ಇಳಿಯುತ್ತದೆ ಅಷ್ಟೆ. ಮೀಟಿಂಗ್ ಹೇಗೋ ನಡೆದೀತು, ಗೇಮ್ ನಡೆಯುವುದಿಲ್ಲ. ವಿಡಿಯೋ ನೋಡುವವರು ಇಂತಿಷ್ಟೇ ಸ್ಪೀಡ್ ಬಳಸುತ್ತಾರೆ, ಎಣಿಸಬಹುದು. ಬ್ಯಾಕಪ್, ಅಪ್‌ಡೇಟ್‌ಗಳಿಗೆ ಆ ಮಿತಿ ಇಲ್ಲ, ಎಷ್ಟು ಕೊಟ್ಟರೂ ಅಷ್ಟೂ ತಿನ್ನುತ್ತವೆ. ಅವಕ್ಕೆ ಪ್ಲಾನ್ ದೊಡ್ಡದು ಮಾಡಬಾರದು, ಹಗ್ಗ ಹಾಕಬೇಕು.

ಹಗ್ಗ ಹಾಕಿದ್ದು ಹೀಗೆ. ರೌಟರ್‌ನ `192.168.1.1` ಪುಟದಲ್ಲಿ ಒಂದೊಂದು ಡಿವೈಸಿಗೆ ಸ್ಪೀಡ್ ಮಿತಿ ಇಡುವ ಸೌಲಭ್ಯ ಇತ್ತು, ವೈನಿಯ ಫೋನಿನ ಅಪ್‌ಲೋಡನ್ನು 2ಕ್ಕೆ ಕಟ್ಟಿದೆವು. ಕ್ಯಾಮೆರಾವನ್ನು ಯಾರಾದರೂ ಓಡಾಡಿದಾಗ ಮಾತ್ರ ಕಳಿಸುವ ಹಾಗೆ ಬದಲಿಸಿದೆವು. ಈಗ ಮೀಟಿಂಗ್ 4, ಗೇಮ್ 1, ಉತ್ತರಗಳು 1, ಬ್ಯಾಕಪ್ 2, ಒಟ್ಟು 8. ರಾತ್ರಿ ಒಂಬತ್ತಕ್ಕೆ ಎಲ್ಲರೂ ಹಚ್ಚಿಕೊಂಡಿರುವಾಗ ಪಿಂಗ್ 30ರಿಂದ 45ರ ಒಳಗೆ ನಿಂತಿತು. ನಿಮ್ಮ ರೌಟರ್‌ನಲ್ಲಿ ಎಸ್‌ಕ್ಯೂಎಂ ಅನ್ನುವ ಆಯ್ಕೆ ಇದ್ದರೆ ಇನ್ನೂ ಸುಲಭ: ಅಳೆದ ಅಪ್‌ಲೋಡಿಗಿಂತ ಹತ್ತು ಪರ್ಸೆಂಟ್ ಕಡಿಮೆ ಬರೆದರೆ ಸಾಲು ಫೈಬರ್ ಡಬ್ಬಿಯಲ್ಲಿ ಬೆಳೆಯದೆ ರೌಟರ್‌ನಲ್ಲೇ ನಿಲ್ಲುತ್ತದೆ, ರೌಟರ್ ಸಣ್ಣ ಪ್ಯಾಕೆಟ್‌ಗಳನ್ನು ಮುಂದೆ ಬಿಡುತ್ತದೆ.

ಇಷ್ಟಾದರೂ ಅಣ್ಣನ ಕೋಣೆಯಲ್ಲಿ ಮಾತ್ರ ಸಣ್ಣ ಕಿರಿಕಿರಿ ಉಳಿದಿತ್ತು. ಅದು ಮನೆಯ ಹಳೆ ಭಾಗ, ನಡುವೆ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ರೌಟರ್ ಹತ್ತಿರ 58 ಬರುವ ಕಡೆ ಅಲ್ಲಿ ಮೇಜಿನ ಮೇಲೆ 11 ಬರುತ್ತಿತ್ತು, ಅದೂ ನಿಮಿಷಕ್ಕೊಂದು ತರಹ. 2.4 ಗಿಗಾಹರ್ಟ್ಸ್ ಗೋಡೆ ದಾಟಿ ಸೊರಗುತ್ತಿತ್ತು, 5 ಗಿಗಾಹರ್ಟ್ಸ್ ದಾಟುತ್ತಲೇ ಇರಲಿಲ್ಲ. 300ರ ಪ್ಲಾನ್ ಹಾಕಿಸಿದ್ದರೂ ಆ ಮೇಜಿಗೆ ತಲುಪುವುದು ಅದೇ 11. ಹಾಗಾಗಿ ಯಾವ ಪ್ಲಾನ್ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಎರಡು ಸಲ ಅಳೆಯಬೇಕು, ರೌಟರ್‌ಗೆ ಕೇಬಲ್ ಹಾಕಿ ಒಮ್ಮೆ, ಕೂಡುವ ಜಾಗದಲ್ಲಿ ಒಮ್ಮೆ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ತಪ್ಪು ಮನೆಯೊಳಗೇ ಇದೆ. ನಾವು 20 ಮೀಟರ್ ಕ್ಯಾಟ್-6 ಕೇಬಲ್ ತಂದು ಕಿಟಕಿಯ ಸಂದಿಯಿಂದ ಎಳೆದೆವು. ಕ್ರಿಂಪಿಂಗ್ ಮಾಡಲು ಬರುತ್ತದೆ ಅಂತ ಹೇಳಿದ್ದ ನಮ್ಮಲ್ಲೊಬ್ಬ ಮೂರು ಕನೆಕ್ಟರ್ ಹಾಳು ಮಾಡಿದ, ಅದು ಬೇರೆ ಕಥೆ.

ಇಷ್ಟೆಲ್ಲ ಆದ ಮೇಲೆ ಪ್ಲಾನಿನ ಮಾತು. ಅಪ್‌ಲೋಡ್ 9ರಲ್ಲಿ 8 ಬಳಸುವುದು ಒಂಟಿ ಕಾಲ ಮೇಲೆ ನಿಂತ ಹಾಗೆ, ತಂಗಿಗೂ ಲೈವ್ ಕ್ಲಾಸ್ ಶುರುವಾಗಿ ಕ್ಯಾಮೆರಾ ಹಚ್ಚಬೇಕಾದರೆ ಮತ್ತೆ ಚೆಲ್ಲುತ್ತದೆ. ಕಾಕಾ ಮತ್ತೆ ಫೋನ್ ಮಾಡಿದಾಗ ನಾವು ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿಸಿದೆವು: "ಅಪ್‌ಲೋಡ್ ಎಷ್ಟ್ ಕೊಡ್ತೀರಿ?" ಆ ಕಡೆಯವರು ಸ್ವಲ್ಪ ತಡೆದು, ಎರಡೂ ಕಡೆ 50 ಇರುವ ಪ್ಲಾನ್ ಒಂದಿದೆ ಅಂದರು. ಇಳಿಸಲು ನಮಗೆ ಬೇಕಾದದ್ದು 40, ಕಳಿಸಲು ಸಡಿಲು ಬಿಟ್ಟರೂ 12ರ ಹತ್ತಿರ. ಬೋರ್ಡಿನ ಮೇಲಿನ ಸಂಖ್ಯೆ 60ರಿಂದ 50ಕ್ಕೆ ಇಳಿಯಿತು, ಲೈನ್ ಸುಧಾರಿಸಿತು. ಕಾಕಾರಿಗೆ ಇದನ್ನು ಒಪ್ಪಿಸಲಿಕ್ಕೆ ಹಿಡಿದಷ್ಟು ಹೊತ್ತು ಅಳೆಯಲಿಕ್ಕೂ ಹಿಡಿದಿರಲಿಲ್ಲ. ವೈನಿಯ ಫೋನಿನ ಮಿತಿಯನ್ನು ತೆಗೆಯಲಿಲ್ಲ, 10ಕ್ಕೆ ಏರಿಸಿ ಬಿಟ್ಟೆವು.

ಫೋನಿನಲ್ಲಿ ಮಾತಾಡುವಾಗ ಇನ್ನೆರಡು ಕೇಳಿಕೊಳ್ಳಿ. ಒಂದು, "ವರೆಗೆ" ಅನ್ನುವ ಶಬ್ದದ ಅರ್ಥ. 2023ರ ಜನವರಿಯಿಂದ ಸರ್ಕಾರದ ವ್ಯಾಖ್ಯೆಯಲ್ಲಿ ಬ್ರಾಡ್‌ಬ್ಯಾಂಡ್ ಅನಿಸಿಕೊಳ್ಳಲು 2 ಎಂಬಿಪಿಎಸ್ ಇದ್ದರೆ ಸಾಕು, ಹಾಗಾಗಿ ಕಾಗದದ ಸಂಖ್ಯೆಗಿಂತ ಪಕ್ಕದ ಮನೆಯವರ ರಾತ್ರಿ ಒಂಬತ್ತರ ಟೆಸ್ಟ್ ನಂಬುವುದು ಮೇಲು. ಎರಡು, ತಿಂಗಳ ಡೇಟಾ ಮಿತಿ. 4ಕೆ ಟಿವಿ ದಿನಕ್ಕೆ ಮೂರು ತಾಸು ಓಡಿದರೆ ಅದೊಂದೇ 20 ಜಿಬಿ, ತಿಂಗಳಿಗೆ 600 ಜಿಬಿ. ಮಿತಿ ದಾಟಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ ಅಂತ ಕೇಳದೇ ಬಿಡಬೇಡಿ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಯಾವ ಪ್ಲಾನೂ ಇಲ್ಲ. ಅಣ್ಣ ಮಿಕ್ಕಿದ ದುಡ್ಡಿನಲ್ಲಿ ರೌಟರ್ ಮತ್ತು ಫೈಬರ್ ಡಬ್ಬಿಗೆ 12 ವೋಲ್ಟಿನ ಮಿನಿ ಯುಪಿಎಸ್ ತಂದ.

ಪಿಜಿಯಲ್ಲಿ ಇರುವವರು ಕೇಳುತ್ತೀರಿ, ಇಪ್ಪತ್ತು ಮಂದಿ ಇದ್ದರೆ ಹ್ಯಾಂಗ? ಎಲ್ಲರೂ ಒಟ್ಟಿಗೆ ಹಚ್ಚುವುದಿಲ್ಲ. ಯಾವುದೇ ಹೊತ್ತಿಗೆ ಒಬ್ಬ ನೋಡುತ್ತಿರುವ ಸಂಭವ 0.4 ಅಂತ ಹಿಡಿದರೆ ಸರಾಸರಿ 8 ಮಂದಿ, ಸ್ಟ್ಯಾಂಡರ್ಡ್ ಡೀವಿಯೇಷನ್ 20 × 0.4 × 0.6ರ ವರ್ಗಮೂಲ, ಸುಮಾರು 2.2. ಎರಡು ಡೀವಿಯೇಷನ್ ಮೇಲೆ ಹೋದರೂ 13 ಮಂದಿ, ಒಬ್ಬೊಬ್ಬರಿಗೆ 5 ಅಂದರೆ 65, ಸಡಿಲು ಸೇರಿ 85. ನೂರರ ಪ್ಲಾನ್ ಸಾಕು, ಅಪ್‌ಲೋಡ್ ಕೇಳಿಕೊಂಡು. ಆದರೆ ಈ ಲೆಕ್ಕ ನಿಂತಿರುವುದು ಒಬ್ಬೊಬ್ಬರೂ ತಮ್ಮ ತಮ್ಮ ಪಾಡಿಗೆ ನೋಡುತ್ತಾರೆ ಅನ್ನುವುದರ ಮೇಲೆ. ಆರ್‌ಸಿಬಿ ಮ್ಯಾಚ್ ಇದ್ದ ದಿನ ಆ ಊಹೆ ಬಿದ್ದುಹೋಗುತ್ತದೆ, ಇಪ್ಪತ್ತಕ್ಕೆ ಇಪ್ಪತ್ತೂ ಫೋನ್ ಒಂದೇ ಓವರ್ ನೋಡುತ್ತಿರುತ್ತವೆ, ಸಡಿಲಿಲ್ಲದೆಯೇ 100. ಅಂಥ ದಿನ ಎಲ್ಲರೂ ಹಾಲ್‌ನಲ್ಲಿ ಒಂದೇ ಟಿವಿ ಮುಂದೆ ಕೂತರೆ 5 ಸಾಕಾಗುತ್ತದೆ, ಜಾಗ ಹಿಡಿಯಲಿಕ್ಕೆ ಮಾತ್ರ ಸ್ವಲ್ಪ ಲಗೂ ಬರಬೇಕು.